ಗೊಬ್ಬರ ಕಂಪನಿಯ ಫೀಲ್ಡ್ ಕೆಲಸಕ್ಕೆ ಕವರ್ ಲೆಟರ್: ಒಂದು ತಾಲ್ಲೂಕು, ಒಂದು ಬೆಳೆ, ಒಂದು ಲೆಕ್ಕ

ಬಿಎಸ್ಸಿ ಅಗ್ರಿ ಮುಗಿಸಿ ಗೊಬ್ಬರ ಕಂಪನಿಗೆ ಅರ್ಜಿ ಹಾಕುವವರ ಕವರ್ ಲೆಟರ್‌ಗಳು ಹೆಚ್ಚುಕಡಿಮೆ ಒಂದೇ ಥರ ಇರುತ್ತವೆ. 'ನಾನು ಶ್ರಮಜೀವಿ, ಎಲ್ಲರ ಜೊತೆ ಹೊಂದಿಕೊಂಡು ಹೋಗುತ್ತೇನೆ, ರೈತರ ಸೇವೆ ಮಾಡುವ ಆಸೆ ಇದೆ, ಒಂದು ಅವಕಾಶ ಕೊಡಿ.' ಕೆಳಗಿನ ಹೆಸರು ಅಳಿಸಿದರೆ ಯಾರ ಪತ್ರ ಅಂತ ಯಾರಿಗೂ ಗೊತ್ತಾಗುವುದಿಲ್ಲ. ನಿಮ್ಮ ಬ್ಯಾಚಿನ ಎಲ್ಲರ ಹತ್ತಿರವೂ ಅದೇ ಡಿಗ್ರಿ ಇದೆ, ಅದೇ ಸಿಲೆಬಸ್ ಓದಿದ್ದಾರೆ, ಎಲ್ಲರೂ ರಾವೆಗೆ, ಅಂದರೆ ಗ್ರಾಮೀಣ ಕೃಷಿ ಕಾರ್ಯಾನುಭವಕ್ಕೆ, ಹೋಗಿ ಬಂದಿದ್ದಾರೆ. ಹಾಗಾದರೆ ಪತ್ರದಲ್ಲಿ ಬೇರೆ ಏನು ಬರೆಯುವುದು?

ಮೊದಲು ಇದನ್ನು ಯಾರು ಓದುತ್ತಾರೆ ಅಂತ ನೋಡಿ. ಎಚ್‌ಆರ್‌ನವರು ಡಿಗ್ರಿ, ಮಾರ್ಕ್ಸು, ಊರು ನೋಡಿ ಒಂದಷ್ಟು ಅರ್ಜಿ ಬದಿಗಿಡುತ್ತಾರೆ. ಉಳಿದವು ಏರಿಯಾ ಮ್ಯಾನೇಜರ್ ಹತ್ತಿರ ಹೋಗುತ್ತವೆ. ಆತ ಸಾಮಾನ್ಯವಾಗಿ ಅಗ್ರಿ ಓದಿದವನೇ, ವರ್ಷಗಟ್ಟಲೆ ಬೈಕ್ ಮೇಲೆ ಹಳ್ಳಿ ಸುತ್ತಿದವನೇ. ನೀವು ಎಷ್ಟು ಚೆನ್ನಾಗಿ ಬರೆಯುತ್ತೀರಿ ಅನ್ನುವುದು ಅವನಿಗೆ ದೊಡ್ಡ ವಿಷಯ ಅಲ್ಲ. ಈ ಹುಡುಗನನ್ನೋ ಹುಡುಗಿಯನ್ನೋ ಜೂನ್ ತಿಂಗಳಲ್ಲಿ ಒಂದು ಗೊಬ್ಬರದ ಅಂಗಡಿ ಮುಂದೆ ನಿಲ್ಲಿಸಿದರೆ, ಬಂದ ರೈತನಿಗೆ ಲೆಕ್ಕ ಹೇಳಬಲ್ಲರಾ, ಹೊಲಕ್ಕೆ ಹೋಗಿ ಎಲೆ ನೋಡಿ ಮಾತಾಡಬಲ್ಲರಾ, ಮತ್ತೆ ಆರು ತಿಂಗಳಲ್ಲಿ ಬಿಟ್ಟು ಹೋಗದೆ ಇರುತ್ತಾರಾ ಅನ್ನುವುದಷ್ಟೇ ಅವನ ಪ್ರಶ್ನೆ. ಪತ್ರ ಈ ಮೂರಕ್ಕೆ ಉತ್ತರ ಕೊಟ್ಟರೆ ಸಾಕು.

ಸುಮ್ನೆ ಮೇಲುಮೇಲಿನ ಮಾತು ಬೇಡ, ಒಂದು ಉದಾಹರಣೆ ಇಟ್ಟುಕೊಂಡೇ ಹೋಗೋಣ. ಅಭ್ಯರ್ಥಿ ಹನುಮನಮಟ್ಟಿ ಕೃಷಿ ಕಾಲೇಜಿನಲ್ಲಿ ಓದಿದವನು, ಅಂದರೆ ಧಾರವಾಡ ಕೃಷಿ ವಿಶ್ವವಿದ್ಯಾಲಯದ ಕೆಳಗೆ ಬರುವ ಕಾಲೇಜು. ಕೆಲಸ ಇರುವುದು ಹಾವೇರಿ ಜಿಲ್ಲೆಗೆ. ಬೆಳೆ ಗೋವಿನಜೋಳ.

ಮೊದಲು ಜಾಹೀರಾತು, ಆಮೇಲೆ ಗೊಬ್ಬರದ ಅಂಗಡಿ

ಜಾಹೀರಾತನ್ನು ನಿಧಾನಕ್ಕೆ ಓದಿ. 'ಫೀಲ್ಡ್ ಅಗ್ರಾನಮಿಸ್ಟ್' ಅಂತ ಬರೆದಿದ್ದರೂ ಕೆಲಸ ಎಲ್ಲ ಕಡೆ ಒಂದೇ ಇರುವುದಿಲ್ಲ. ಕೆಲವು ಕಂಪನಿಗಳಲ್ಲಿ ಡೆಮೊ ಪ್ಲಾಟ್ ಹಾಕುವುದು, ರೈತರ ಸಭೆ ಮಾಡುವುದು, ಮಣ್ಣಿನ ಮಾದರಿ ತೆಗೆಯುವುದು, ಕ್ಷೇತ್ರೋತ್ಸವ ನಡೆಸುವುದು ಮುಖ್ಯ. ಇನ್ನು ಕೆಲವು ಕಡೆ ಇದೆಲ್ಲ ಹೆಸರಿಗೆ, ತಿಂಗಳ ಕೊನೆಗೆ ಕೇಳುವುದು ಡೀಲರ್ ಗೋಡೌನಿನಿಂದ ಎಷ್ಟು ಟನ್ ಖಾಲಿಯಾಯಿತು ಅಂತ. ಜಾಹೀರಾತಿನಲ್ಲಿ 'ಲಿಕ್ವಿಡೇಶನ್', 'ಸೇಲ್ಸ್ ಟಾರ್ಗೆಟ್', 'ಕಲೆಕ್ಷನ್' ಅನ್ನುವ ಮಾತಿದ್ದರೆ ಎರಡನೇ ಥರದ ಕೆಲಸ ಅಂತ ತಿಳಿಯಿರಿ. ಅದೇನು ಕೆಟ್ಟ ಕೆಲಸ ಅಲ್ಲ. ಆದರೆ ಅಂಥ ಕಡೆಗೆ ಬರೀ ಮಣ್ಣುಪರೀಕ್ಷೆ ಬಗ್ಗೆ ಬರೆದರೆ ಪತ್ರ ಗುರಿ ತಪ್ಪುತ್ತದೆ, ಅಂಗಡಿಯವರ ಜೊತೆ ಮಾತಾಡಿ ಗೊತ್ತು ಅನ್ನುವುದೂ ಕಾಣಬೇಕು.

ಆಮೇಲೆ ಆ ತಾಲ್ಲೂಕಿನ ಒಂದೆರಡು ಗೊಬ್ಬರದ ಅಂಗಡಿಗೆ ಹೋಗಿ ಬನ್ನಿ. ಇದನ್ನು ಬಹಳ ಜನ ಮಾಡುವುದಿಲ್ಲ. ಅಂಗಡಿಯಲ್ಲಿ ದಾಸ್ತಾನು ಮತ್ತು ದರ ಬರೆದ ಫಲಕ ಇರಬೇಕು, ಅದು ಗೊಬ್ಬರ ನಿಯಂತ್ರಣ ಆದೇಶದ ಪ್ರಕಾರ ಕಡ್ಡಾಯ. ಆ ಫಲಕ ನೋಡಿದರೆ ಆ ಭಾಗದಲ್ಲಿ ಯಾವ ಗ್ರೇಡು ಓಡುತ್ತದೆ ಅಂತ ಅರ್ಧ ಗೊತ್ತಾಗುತ್ತದೆ. ಉಳಿದರ್ಧ ಅಂಗಡಿಯವರನ್ನು ಕೇಳಿ: ನಾನು ಅರ್ಜಿ ಹಾಕುತ್ತಿರುವ ಕಂಪನಿಯ ಯಾವ ಮಾಲು ನಿಮ್ಮಲ್ಲಿ ಹೋಗುತ್ತದೆ, ಯಾವುದು ಕೂತಿದೆ, ಬಿತ್ತನೆ ಹೊತ್ತಿಗೆ ರೈತರು ಮೊದಲು ಏನು ಕೇಳುತ್ತಾರೆ? ಅಂಗಡಿಯಲ್ಲಿ ಗದ್ದಲ ಇಲ್ಲದ ಹೊತ್ತು ನೋಡಿಕೊಂಡು ಹೋಗಿ, ಮುಂಗಾರು ಬಿತ್ತನೆ ಟೈಮಲ್ಲಿ ಹೋದರೆ ಮುಖ ಕೊಟ್ಟು ಮಾತಾಡಲಿಕ್ಕೂ ಅವರಿಗೆ ಪುರುಸೊತ್ತಿರುವುದಿಲ್ಲ.

ಹಾವೇರಿ ಕಡೆ ಹೋದರೆ ಉತ್ತರ ಏನು ಬರಬಹುದು ಅಂತ ಊಹಿಸುವುದು ಕಷ್ಟ ಅಲ್ಲ. ಡಿಎಪಿ. ಬಿತ್ತುವಾಗ ಡಿಎಪಿ ಬೇಕೇ ಬೇಕು. 2008ರ ಜೂನ್‌ನಲ್ಲಿ ಇದೇ ಹಾವೇರಿಯಲ್ಲಿ ಗೊಬ್ಬರಕ್ಕಾಗಿ ಬೀದಿಗಿಳಿದ ರೈತರ ಮೇಲೆ ಗೋಲಿಬಾರ್ ಆಗಿತ್ತು. ಹಾಗಾಗಿ 'ಸ್ಟಾಕ್ ಇಲ್ಲ' ಅನ್ನುವ ಮಾತು ಅಲ್ಲಿ ಹಗುರ ಅಲ್ಲ. ಅಲ್ಲಿ ಕೆಲಸ ಮಾಡುವ ಅಗ್ರಾನಮಿಸ್ಟ್‌ಗೆ ದಿನಾ ಬೀಳುವ ಪ್ರಶ್ನೆ ಅಂದರೆ 'ಡಿಎಪಿ ಇಲ್ರೀ ಅಂತಾರ, ಈಗೇನ್ ಹಾಕ್ಲಿ?' ಈ ಪ್ರಶ್ನೆಗೆ ಉತ್ತರ ಗೊತ್ತು ಅಂತ ತೋರಿಸುವ ಪತ್ರ ಬಂದರೆ ಏರಿಯಾ ಮ್ಯಾನೇಜರ್ ಓದುವುದನ್ನು ನಿಲ್ಲಿಸುವುದಿಲ್ಲ.

ಲೆಕ್ಕ ನಿಮ್ಮ ಕೈಯಲ್ಲಿ ಇರಲಿ

ಪತ್ರದಲ್ಲಿ ಪೂರ್ತಿ ಲೆಕ್ಕ ಬರೆಯಬೇಕಾಗಿಲ್ಲ. ಆದರೆ ಲೆಕ್ಕ ಮಾಡದೆ ಬರೆದ ಸಾಲು ಇಂಟರ್‌ವ್ಯೂನಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ.

ಮಳೆಯಾಶ್ರಿತ ಗೋವಿನಜೋಳಕ್ಕೆ ಶಿಫಾರಸು ಹೆಕ್ಟೇರಿಗೆ 100 ಕಿಲೋ ಸಾರಜನಕ, 50 ಕಿಲೋ ರಂಜಕ, 25 ಕಿಲೋ ಪೊಟ್ಯಾಷ್. ಎಕರೆಗೆ ಇಳಿಸಿದರೆ 40, 20, 10. ಸಾರಜನಕದ ಅರ್ಧ ಬಿತ್ತುವಾಗ, ಉಳಿದರ್ಧ ಸುಮಾರು ತಿಂಗಳಾದ ಮೇಲೆ ಮೇಲುಗೊಬ್ಬರವಾಗಿ. ಪಠ್ಯದಲ್ಲಿ ಇಷ್ಟೇ ಇರುತ್ತದೆ, ಆದರೆ ರೈತ ಕಿಲೋದಲ್ಲಿ ಮಾತಾಡುವುದಿಲ್ಲ, ಚೀಲದಲ್ಲಿ ಮಾತಾಡುತ್ತಾನೆ.

ಡಿಎಪಿಯಲ್ಲಿ ಸಾರಜನಕ ಶೇಕಡಾ 18, ರಂಜಕ ಶೇಕಡಾ 46. ಎಕರೆಗೆ ಒಂದು ಚೀಲ, ಅಂದರೆ 50 ಕಿಲೋ ಹಾಕಿದರೆ 9 ಕಿಲೋ ಸಾರಜನಕ, 23 ಕಿಲೋ ರಂಜಕ ಸಿಗುತ್ತದೆ. ಉಳಿದ 31 ಕಿಲೋ ಸಾರಜನಕಕ್ಕೆ 45 ಕಿಲೋದ ಯೂರಿಯಾ ಚೀಲ ಒಂದೂವರೆ ಬೇಕು. ಊರಲ್ಲಿ ಎಲ್ಲರೂ ಮಾಡುವುದು ಇದೇ.

ಈಗ ಡಿಎಪಿ ಇಲ್ಲ ಅನ್ನಿ. 20:20:0:13 ಕಾಂಪ್ಲೆಕ್ಸ್ ಗೊಬ್ಬರ ಎರಡು ಚೀಲ ಹಾಕಿದರೆ 20 ಕಿಲೋ ಸಾರಜನಕ, 20 ಕಿಲೋ ರಂಜಕ, ಜೊತೆಗೆ 13 ಕಿಲೋ ಗಂಧಕ. ಬಿತ್ತುವಾಗ ಬೇಕಾದ ಸಾರಜನಕ ಅಲ್ಲೇ ಮುಗಿಯಿತು. ಮೇಲುಗೊಬ್ಬರಕ್ಕೆ ಒಂದು ಚೀಲ ಯೂರಿಯಾ ಸಾಕು, ಅದರಿಂದ ಸುಮಾರು 20 ಕಿಲೋ ಬರುತ್ತದೆ. ಲೆಕ್ಕ ಚೆನ್ನಾಗಿ ಕೂಡುತ್ತದೆ ಅಲ್ವಾ? ಆದರೆ ದುಡ್ಡು ಕೂಡುವುದಿಲ್ಲ. 20:20:0:13ರ ಬೆಲೆ ಕಂಪನಿಯಿಂದ ಕಂಪನಿಗೆ ಬೇರೆ, ಆದರೂ ಎರಡು ಚೀಲದ ಖರ್ಚು ಒಂದು ಚೀಲ ಡಿಎಪಿಗಿಂತ ಜಾಸ್ತಿ ಆಗುತ್ತದೆ, ಅರ್ಧ ಚೀಲ ಯೂರಿಯಾ ಉಳಿದರೂ ಆ ವ್ಯತ್ಯಾಸ ತುಂಬುವುದಿಲ್ಲ. ರೈತ ಮೊದಲು ಹಿಡಿಯುವುದು ಇದನ್ನೇ. ಅಗ್ಗದ ದಾರಿ ಬೇಕೆಂದರೆ ಸಿಂಗಲ್ ಸೂಪರ್ ಫಾಸ್ಫೇಟ್ ಇದೆ, ರಂಜಕ 16, ಗಂಧಕ 11. ಎಕರೆಗೆ ಎರಡೂವರೆ ಚೀಲ, ಜೊತೆಗೆ ಎರಡು ಚೀಲ ಯೂರಿಯಾ. ಅಲ್ಲಿ ತೊಂದರೆ ಬೇರೆ: ಹೊರುವ ಚೀಲ ಜಾಸ್ತಿ, ಮತ್ತೆ ಸೂಪರನ್ನೂ ಯೂರಿಯಾವನ್ನೂ ಮೊದಲೇ ಬೆರೆಸಿಟ್ಟರೆ ನೀರಾಡಿ ಅಂಟಂಟಾಗುತ್ತದೆ, ಕೂರಿಗೆಯಲ್ಲಿ ಇಳಿಯುವುದಿಲ್ಲ.

ಪೊಟ್ಯಾಷ್ ಇನ್ನೊಂದು ಕಥೆ. ಎಕರೆಗೆ 10 ಕಿಲೋ ಅಂದರೆ ಎಂಒಪಿ ಹೆಚ್ಚುಕಡಿಮೆ 17 ಕಿಲೋ. ಅಷ್ಟಕ್ಕೆ ಅಂಗಡಿಯವರು ಚೀಲ ಒಡೆಯುವುದಿಲ್ಲ, ರೈತ ಬಿಟ್ಟೇಬಿಡುತ್ತಾನೆ. ಮೂರು ಎಕರೆಗೆ ಒಂದು ಚೀಲ ಅಂತ ಹೇಳಿದರೆ ಹಾಕುತ್ತಾನೆ. ಸಣ್ಣ ಮಾತು ಅನ್ನಿಸಬಹುದು, ಆದರೆ ಹೊಲ ಕಂಡವನು ಮಾತ್ರ ಹೇಳುವ ಮಾತು ಇದು, ಪತ್ರದಲ್ಲಿ ಇಂಥ ಒಂದೇ ಒಂದು ಸಾಲು ಇದ್ದರೂ ಓದುವವನಿಗೆ ಗೊತ್ತಾಗುತ್ತದೆ.

ನೀವು ಅರ್ಜಿ ಹಾಕುತ್ತಿರುವ ಕಂಪನಿ ಏನು ಮಾರುತ್ತದೆ ಅಂತ ನೋಡಿಕೊಂಡು ಇದರಲ್ಲಿ ಯಾವುದನ್ನು ಮುಂದಿಡಬೇಕು ಅಂತ ನಿರ್ಧರಿಸಿ. ಕಾಂಪ್ಲೆಕ್ಸ್ ಮಾರುವ ಕಂಪನಿಗೆ 20:20:0:13. ನೀರಲ್ಲಿ ಕರಗುವ ಗೊಬ್ಬರ ಮಾತ್ರ ಮಾರುವ ಕಂಪನಿಯಾದರೆ ಈ ಉದಾಹರಣೆಯೇ ಬೇಡ, ಅಲ್ಲಿಗೆ ಡ್ರಿಪ್ ಇರುವ ಮೆಣಸಿನಕಾಯಿಯೋ ಟೊಮೆಟೊವೋ ಬೇಕು, 19:19:19, 13:0:45ರ ಮಾತು ಬೇಕು.

ನಿಮ್ಮ ನಾಲ್ಕು ವರ್ಷದಲ್ಲಿ ಒಂದನ್ನೇ ಆರಿಸಿ

ರಾವೆ ಎಲ್ಲರ ರೆಸ್ಯೂಮೆಯಲ್ಲೂ ಇರುತ್ತದೆ. 'ರಾವೆ ಮುಗಿಸಿದ್ದೇನೆ' ಅಂತ ಬರೆದರೆ ಏನೂ ಹೇಳಿದಂತೆ ಆಗುವುದಿಲ್ಲ. ಅಲ್ಲಿ ನೀವು ನಿಮ್ಮ ಕೈಯಿಂದ ಮಾಡಿದ್ದು ಏನು? ಹಳೇ ರಾವೆ ರೆಕಾರ್ಡ್ ತೆಗೆದು ಕೂತುಕೊಳ್ಳಿ. ಗೊಬ್ಬರಕ್ಕೆ ಸಂಬಂಧಪಟ್ಟಿದ್ದು ಏನಾದರೂ ಇದ್ದೇ ಇರುತ್ತದೆ: ಮನೆಮನೆ ಸಮೀಕ್ಷೆಯಲ್ಲಿ ಯಾರು ಎಷ್ಟು ಗೊಬ್ಬರ ಹಾಕಿದರು ಅಂತ ಬರೆದುಕೊಂಡಿರುತ್ತೀರಿ, ಮಣ್ಣಿನ ಮಾದರಿ ತೆಗೆದಿರುತ್ತೀರಿ, ಬೀಜೋಪಚಾರ ತೋರಿಸಿರುತ್ತೀರಿ, ಒಂದು ಗುಂಪು ಚರ್ಚೆ ಮಾಡಿರುತ್ತೀರಿ.

ಆರಿಸಿದ ಮೇಲೆ ಐದು ವಿಷಯ ಬರೆದುಕೊಳ್ಳಿ. ಯಾವ ಹಳ್ಳಿ, ಯಾವ ಬೆಳೆ, ತೊಂದರೆ ಏನಿತ್ತು, ನೀವು ಏನು ಮಾಡಿದಿರಿ, ಆಮೇಲೆ ಏನಾಯಿತು. ಕೊನೆಯದರಲ್ಲಿ ಎಲ್ಲರೂ ಎಡವುತ್ತಾರೆ. 'ನನ್ನ ಸಲಹೆಯಿಂದ ಇಳುವರಿ ಶೇಕಡಾ 40 ಹೆಚ್ಚಾಯಿತು' ಅಂತ ಬರೆಯುತ್ತಾರೆ. ಓದುವವನಿಗೆ ನಗು ಬರುತ್ತದೆ. ಒಂದು ಹಂಗಾಮಿನಲ್ಲಿ, ಒಂದು ಹೊಲದಲ್ಲಿ, ಹೋಲಿಸಲಿಕ್ಕೆ ಪಕ್ಕದ ಪಟ್ಟಿ ಇಲ್ಲದೆ ಬಂದ ಸಂಖ್ಯೆಗೆ ಬೆಲೆ ಇಲ್ಲ ಅಂತ ಅವನಿಗೆ ಗೊತ್ತು, ನಿಮಗೂ ಗೊತ್ತಿರಬೇಕು. ದೊಡ್ಡ ವ್ಯತ್ಯಾಸ ಬಂದಿಲ್ಲದಿದ್ದರೆ ಬಂದಿಲ್ಲ ಅಂತಲೇ ಬರೆಯಿರಿ. ಡಿಎಪಿ ಬದಲು ಬೇರೆ ಗೊಬ್ಬರ ಹಾಕಿ ಬೆಳೆ ಹಿಂದೆ ಬೀಳಲಿಲ್ಲ ಅನ್ನುವುದೇ ಒಳ್ಳೆಯ ಫಲಿತಾಂಶ, ಅಲ್ಲಿ ಸಾಬೀತು ಮಾಡಬೇಕಾಗಿದ್ದು ಅಷ್ಟೇ ತಾನೆ.

ಮಾಡದೆ ಇದ್ದದ್ದನ್ನು ಮಾಡಿದೆ ಅಂತ ಬರೆಯಬೇಡಿ. ಮಣ್ಣಿನ ಮಾದರಿ ತೆಗೆದಿದ್ದೇನೆ ಅಂದರೆ ಎಷ್ಟು ಆಳ, ಹೊಲದಲ್ಲಿ ಎಲ್ಲೆಲ್ಲಿ, ಕೊನೆಗೆ ಅರ್ಧ ಕಿಲೋಗೆ ಹೇಗೆ ಇಳಿಸಿದೆ ಅಂತ ಮುಂದಿನ ಪ್ರಶ್ನೆ ಬರುತ್ತದೆ. ಇಂಗ್ಲಿಷ್ ವಿ ಅಕ್ಷರದ ಥರ 15 ಸೆಂಟಿಮೀಟರ್ ಗುಂಡಿ, ಬದು, ಮರದ ನೆರಳು, ತಿಪ್ಪೆ ಜಾಗ ಬಿಟ್ಟು ಅಂಕುಡೊಂಕಾಗಿ ಹೋಗಿ ತೆಗೆಯುವುದು, ಬೆರೆಸಿ ನಾಲ್ಕು ಭಾಗ ಮಾಡಿ ಎದುರುಬದುರಿನ ಎರಡನ್ನು ತೆಗೆದುಹಾಕುತ್ತಾ ಹೋಗುವುದು. ತೆಗೆದವನ ಬಾಯಲ್ಲಿ ಇದು ತಡವರಿಸದೆ ಬರುತ್ತದೆ.

ಈಗ ಪತ್ರ

ಜಾಹೀರಾತು ಇಂಗ್ಲಿಷ್‌ನಲ್ಲಿದ್ದರೆ ಪತ್ರವೂ ಇಂಗ್ಲಿಷ್‌ನಲ್ಲೇ ಹೋಗಬೇಕು. ಆದರೆ ಮೊದಲು ಕನ್ನಡದಲ್ಲಿ ಬರೆದುಕೊಳ್ಳಿ ಅಂತ ನನ್ನ ಸಲಹೆ. ಇಂಗ್ಲಿಷ್‌ನಲ್ಲಿ ಶುರು ಮಾಡಿದರೆ ಕೈ ತಾನಾಗಿಯೇ ಎಲ್ಲರೂ ಬರೆಯುವ ಆ ಸವಕಲು ಸಾಲುಗಳ ಕಡೆ ಹೋಗುತ್ತದೆ, ಕನ್ನಡದಲ್ಲಿ ಬರೆದರೆ ಹೊಲದಲ್ಲಿ ನಡೆದದ್ದು ಬರುತ್ತದೆ. ಒಂದೇ ಪುಟ, ನಾಲ್ಕು ಪ್ಯಾರಾ. ನಮ್ಮ ಹಾವೇರಿಯ ಅಭ್ಯರ್ಥಿ ಹೀಗೆ ಬರೆಯಬಹುದು:

> ಮಾನ್ಯರೇ,
>
> ಹಾವೇರಿ ಜಿಲ್ಲೆಯ ಫೀಲ್ಡ್ ಅಗ್ರಾನಮಿಸ್ಟ್ ಕೆಲಸಕ್ಕೆ ಅರ್ಜಿ ಸಲ್ಲಿಸುತ್ತಿದ್ದೇನೆ. ಹನುಮನಮಟ್ಟಿ ಕೃಷಿ ಕಾಲೇಜಿನಲ್ಲಿ ಬಿಎಸ್ಸಿ ಕೃಷಿ ಮುಗಿಸಿದ್ದೇನೆ. ನಮ್ಮದು ರಾಣೆಬೆನ್ನೂರು ತಾಲ್ಲೂಕು, ಮನೆಯಲ್ಲಿ ಗೋವಿನಜೋಳ ಮತ್ತು ಹತ್ತಿ ಬೆಳೆಯುತ್ತೇವೆ.
>
> ರಾವೆ ಸಮಯದಲ್ಲಿ ನಮ್ಮ ಗುಂಪು ಹಳ್ಳಿಯ ಗೋವಿನಜೋಳದ ರೈತರು ಯಾವ ಗೊಬ್ಬರ ಎಷ್ಟು ಹಾಕುತ್ತಾರೆ ಎಂದು ಸಮೀಕ್ಷೆ ಮಾಡಿತು. ಬಹುತೇಕ ಎಲ್ಲರೂ ಡಿಎಪಿ ಮತ್ತು ಯೂರಿಯಾ ಮಾತ್ರ ಹಾಕುತ್ತಿದ್ದರು, ಪೊಟ್ಯಾಷ್ ಬಿಟ್ಟಿದ್ದರು. ಮುಂದಿನ ಮುಂಗಾರಿಗೆ ಡಿಎಪಿ ಸಿಗದೇ ಹೋದಾಗ ನಮ್ಮ ಚಿಕ್ಕಪ್ಪನ ಮೂರು ಎಕರೆಯಲ್ಲಿ ಎರಡು ಎಕರೆಗೆ 20:20:0:13 ಎಕರೆಗೆ ಎರಡು ಚೀಲದಂತೆ ಹಾಕಿಸಿದೆ, ಮೇಲುಗೊಬ್ಬರವಾಗಿ ಎಕರೆಗೆ ಒಂದು ಚೀಲ ಯೂರಿಯಾ. ಉಳಿದ ಒಂದು ಎಕರೆಗೆ ಅವರು ಹೇಗೋ ಹೊಂದಿಸಿ ತಂದ ಒಂದು ಚೀಲ ಡಿಎಪಿ. ಮೂರು ಎಕರೆಗೂ ಸೇರಿ ಒಂದು ಚೀಲ ಎಂಒಪಿ. ಇಳುವರಿಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಖರ್ಚು ಜಾಸ್ತಿ ಎಂದು ಅವರು ಕೇಳಿದ ಪ್ರಶ್ನೆಗೆ ಡಿಎಪಿಗಾಗಿ ಕಾದು ಬಿತ್ತನೆ ತಡವಾದರೆ ಆಗುವ ನಷ್ಟವನ್ನು ಮುಂದಿಟ್ಟು ಉತ್ತರಿಸಿದೆ.
>
> ಅರ್ಜಿ ಹಾಕುವ ಮೊದಲು ರಾಣೆಬೆನ್ನೂರಿನ ಗೊಬ್ಬರದ ಅಂಗಡಿಗಳಿಗೆ ಹೋಗಿ ಬಂದೆ. ತಮ್ಮ ಕಂಪನಿಯ ಕಾಂಪ್ಲೆಕ್ಸ್ ಗೊಬ್ಬರ ಅಲ್ಲಿದೆ, ಆದರೆ ರೈತರು ಅದನ್ನು ಡಿಎಪಿ ಮುಗಿದ ಮೇಲೆ ಮಾತ್ರ ಕೇಳುತ್ತಾರೆ ಎಂದು ಅಂಗಡಿಯವರು ಹೇಳಿದರು. ಬಿತ್ತನೆಗೆ ಮೊದಲೇ ಹಳ್ಳಿಗಳಲ್ಲಿ ಸಣ್ಣ ಡೆಮೊ ಪ್ಲಾಟ್‌ಗಳ ಫಲಿತಾಂಶ ತೋರಿಸಿದರೆ ಇದು ಬದಲಾಗಬಹುದು ಎನ್ನುವುದು ನನ್ನ ಅನಿಸಿಕೆ.
>
> ನನ್ನ ಹತ್ತಿರ ಬೈಕ್ ಮತ್ತು ಚಾಲನಾ ಪರವಾನಗಿ ಇದೆ. ಹಾವೇರಿ, ದಾವಣಗೆರೆ, ಗದಗ ಜಿಲ್ಲೆಗಳಲ್ಲಿ ಎಲ್ಲಿ ಬೇಕಾದರೂ ಉಳಿದು ಕೆಲಸ ಮಾಡಬಲ್ಲೆ. ಭೇಟಿಗೆ ಕರೆದರೆ ಹೊಲದ ಫೋಟೊ ಮತ್ತು ಖರ್ಚಿನ ಲೆಕ್ಕ ತರುತ್ತೇನೆ.
>
> ಇಂತಿ ತಮ್ಮ ವಿಶ್ವಾಸಿ

ಇದರಲ್ಲಿ ಏನಿಲ್ಲ ಅಂತ ನೋಡಿ. ಶ್ರಮಜೀವಿ ಅನ್ನುವ ಮಾತಿಲ್ಲ, ಅಂಗಡಿ ಸುತ್ತಿ ಬಂದದ್ದೇ ಅದನ್ನು ಹೇಳುತ್ತದೆ. ಸಿಜಿಪಿಎ ಇಲ್ಲ, ಅದು ರೆಸ್ಯೂಮೆಯಲ್ಲಿದೆ. ಕಂಪನಿಯನ್ನು ಹೊಗಳುವ ಪ್ಯಾರಾ ಇಲ್ಲ. ಎರಡನೇ ಪ್ಯಾರಾ ಉದ್ದ ಆಯಿತು ಅನ್ನಿಸಬಹುದು, ಇರಲಿ, ಇಡೀ ಪತ್ರ ನಿಂತಿರುವುದೇ ಅದರ ಮೇಲೆ. ಹೆಣ್ಣುಮಕ್ಕಳು ಬರೆಯುವಾಗ ಓಡಾಟದ ಸಾಲನ್ನು ಇನ್ನೂ ಸ್ಪಷ್ಟವಾಗಿ ಬರೆಯುವುದು ಒಳ್ಳೆಯದು. ಗಾಡಿ ಓಡಿಸುತ್ತೇನೆ, ಈ ತಾಲ್ಲೂಕುಗಳಲ್ಲಿ ಒಬ್ಬಳೇ ಓಡಾಡಿ ಅಭ್ಯಾಸ ಇದೆ ಅಂತ. ಬೇಕಿಲ್ಲದ ಅನುಮಾನ ಇಟ್ಟುಕೊಂಡು ಅರ್ಜಿ ಬದಿಗಿಡುವವರು ಇದ್ದಾರೆ, ಇರಬಾರದು, ಆದರೆ ಇದ್ದಾರೆ.

ಪತ್ರ ಎಲ್ಲಿ ಕೆಡುತ್ತದೆ

'ಕರ್ನಾಟಕದ ಯಾವ ಮೂಲೆಗಾದರೂ ಹೋಗುತ್ತೇನೆ' ಅನ್ನುವುದು ಚೆನ್ನಾಗಿ ಕೇಳಿಸುತ್ತದೆ, ಯಾರೂ ನಂಬುವುದಿಲ್ಲ. ಮೂರು ಜಿಲ್ಲೆ ಹೆಸರು ಹೇಳಿದರೆ ನಂಬುತ್ತಾರೆ. ಆ ಭಾಗದ ಬೆಳೆ ನಿಮಗೆ ಗೊತ್ತು ಅನ್ನುವುದೂ ಅದರಲ್ಲೇ ಬಂದುಬಿಡುತ್ತದೆ.

ಬಿಟ್ಟುಹೋಗುತ್ತೀರಿ ಅನ್ನುವ ಭಯ ಅವರಿಗೆ ದೊಡ್ಡದು. ಅಗ್ರಿ ಓದಿದವರು ಕೃಷಿ ಅಧಿಕಾರಿ ಹುದ್ದೆಗೆ ಕೆಪಿಎಸ್‌ಸಿ ಪರೀಕ್ಷೆ ಬರೆಯುತ್ತಾರೆ, ಬ್ಯಾಂಕಿನ ಅಗ್ರಿಕಲ್ಚರ್ ಫೀಲ್ಡ್ ಆಫೀಸರ್ ಹುದ್ದೆಗೆ ಐಬಿಪಿಎಸ್ ಬರೆಯುತ್ತಾರೆ, ಎಂಎಸ್ಸಿಗೂ ಹೋಗುತ್ತಾರೆ ಅಂತ ಅವರಿಗೆ ಗೊತ್ತು. ಪತ್ರದಲ್ಲಿ 'ಸದ್ಯಕ್ಕೆ' ಅನ್ನುವ ಪದ ನುಸುಳದಂತೆ ನೋಡಿಕೊಳ್ಳಿ. ಪರೀಕ್ಷೆಗೆ ಓದುತ್ತಿದ್ದೇನೆ ಅಂತ ತಾವಾಗಿಯೇ ಬರೆಯುವವರೂ ಇದ್ದಾರೆ, ಅದು ಬೇಡ. ಇಂಟರ್‌ವ್ಯೂನಲ್ಲಿ ನೇರವಾಗಿ ಕೇಳಿದರೆ ಸುಳ್ಳು ಹೇಳಬೇಡಿ, ಕನಿಷ್ಠ ಎರಡು ಮುಂಗಾರು ಇರುತ್ತೇನೆ ಅನ್ನುವಂಥ ಮಾತು ನಿಮಗೆ ನಿಜವಾಗಿದ್ದರೆ ಅದನ್ನೇ ಹೇಳಿ.

ಇನ್ನೊಂದು, ರಾಸಾಯನಿಕ ಗೊಬ್ಬರದಿಂದ ಭೂಮಿ ಹಾಳಾಗಿದೆ, ಸಾವಯವವೇ ದಾರಿ ಅಂತ ಗೊಬ್ಬರ ಕಂಪನಿಗೆ ಬರೆಯುವುದು. ನಿಮ್ಮ ನಂಬಿಕೆ ಅದಾಗಿದ್ದರೆ ಈ ಕೆಲಸ ನಿಮಗೆ ಸರಿಹೋಗುವುದಿಲ್ಲ. ಆದರೆ ಮಣ್ಣುಪರೀಕ್ಷೆ ಆಧಾರದ ಮೇಲೆ ಹಾಕಬೇಕು, ಯೂರಿಯಾ ಒಂದನ್ನೇ ಸುರಿಯುವುದು ತಪ್ಪು ಅನ್ನುವುದನ್ನು ಧೈರ್ಯವಾಗಿ ಬರೆಯಬಹುದು, ಯಾವ ಅಗ್ರಾನಮಿಸ್ಟೂ ಅದಕ್ಕೆ ಬೇಸರ ಮಾಡಿಕೊಳ್ಳುವುದಿಲ್ಲ. ಯೂರಿಯಾ ಬೇಕೆಂದರೆ ಇನ್ನೊಂದು ಮಾಲು ತಗೋಬೇಕು ಅಂತ ಅಂಗಡಿಯಲ್ಲಿ ಗಂಟುಹಾಕುವ ವಿಷಯ ಮಾತ್ರ ಪತ್ರದಲ್ಲಿ ಎತ್ತಬೇಡಿ. ರೈತರಿಗೆ ಅದರ ಮೇಲೆ ಸಿಟ್ಟಿದೆ, ನ್ಯಾಯವಾದ ಸಿಟ್ಟೇ, ಆದರೆ ಗುರುತು ಪರಿಚಯ ಇಲ್ಲದವರಿಗೆ ಬರೆಯುವ ಮೊದಲ ಪತ್ರ ಅದಕ್ಕೆ ಜಾಗ ಅಲ್ಲ.

ಒಂದೇ ಪತ್ರವನ್ನು ಹತ್ತು ಕಂಪನಿಗೆ ಕಳಿಸುವಾಗ ಹಳೇ ಕಂಪನಿಯ ಹೆಸರು ಉಳಿದುಬಿಡುವುದು ಎಲ್ಲರಿಗೂ ಗೊತ್ತಿರುವ ಅವಘಡ. ಅದಕ್ಕಿಂತ ನಾಚಿಕೆಗೇಡು ಅಂದರೆ ಗ್ರೇಡು ತಪ್ಪುವುದು. ಆ ಕಂಪನಿ ಮಾರದ ಗ್ರೇಡನ್ನು 'ತಮ್ಮ ಉತ್ಪನ್ನ' ಅಂತ ಬರೆದರೆ ಮುಗಿಯಿತು.

ಕಳಿಸುವುದು

ಮೇಲ್‌ನಲ್ಲಿ ಪತ್ರದ ಮಾತುಗಳು ಬಾಡಿಯಲ್ಲೇ ಇರಲಿ, ಪಿಡಿಎಫ್ ಕೂಡ ಲಗತ್ತಿಸಿ. ಬಹಳ ಮ್ಯಾನೇಜರ್‌ಗಳು ಫೋನಿನಲ್ಲೇ ಓದುತ್ತಾರೆ, ಎಲ್ಲೋ ಡೀಲರ್ ಅಂಗಡಿಯಲ್ಲಿ ಕೂತು. ಸಬ್ಜೆಕ್ಟ್ ಸಾಲಿನಲ್ಲಿ ಕೆಲಸ, ಜಾಗ, ಡಿಗ್ರಿ ಮೂರೂ ಬರಲಿ:

```
Field Agronomist, Haveri - B.Sc. (Hons) Agriculture
```

ಫೋನ್ ನಂಬರ್ ಪತ್ರದ ಕೆಳಗೂ ಇರಲಿ. ಒಂದು ವಾರ ಕಾದು ಒಂದು ಸಣ್ಣ ಮೇಲ್ ಹಾಕಬಹುದು. ದಿನಾ ಫೋನ್ ಮಾಡಬೇಡಿ, ಜೂನ್-ಜುಲೈನಲ್ಲಂತೂ ಬೇಡವೇ ಬೇಡ.

ಕರೆ ಬಂದರೆ ನಿಮ್ಮ ಎರಡನೇ ಪ್ಯಾರಾ ಮೇಲೆಯೇ ಪ್ರಶ್ನೆ ಬರುತ್ತದೆ ಅಂತ ಇಟ್ಟುಕೊಳ್ಳಿ. 'ಡಿಎಪಿ ಹಾಕಿದ ಎಕರೆಗೆ ಯೂರಿಯಾ ಎಷ್ಟು ಹಾಕಿಸಿದ್ರಿ?' 'ಒಂದೇ ಎಕರೆ ಪಟ್ಟಿ ಇಟ್ಟು ವ್ಯತ್ಯಾಸ ಇಲ್ಲ ಅಂತ ಹೇಗೆ ಹೇಳ್ತೀರಿ?' ಮೊದಲನೆಯದಕ್ಕೆ ಉತ್ತರ ಒಂದೂವರೆ ಚೀಲ. ಎರಡನೆಯದಕ್ಕೆ, ಖಚಿತವಾಗಿ ಹೇಳಲಿಕ್ಕೆ ಆಗುವುದಿಲ್ಲ, ಇನ್ನೂ ಮೂರ್ನಾಲ್ಕು ಹೊಲದಲ್ಲಿ ಹಾಕಿ ನೋಡಬೇಕು ಅಂತ ಹೇಳಿ. ಹಾಗೆ ಹಾಕಿ ನೋಡುವ ಕೆಲಸಕ್ಕೇ ತಾನೆ ಅವರು ಜನ ಹುಡುಕುತ್ತಿರುವುದು.